‘ಟೂಸ್’: ಎರಡು ಎಂದರೆ ಅರ್ಧ ಕೆಲಸ

ಕೈಯಲ್ಲಿ ಬಿಡಿಸುವ ಅನಿಮೇಶನ್ ಕಲಿಯಲು ಹೋದವರ ಕಿವಿಗೆ ಬೇಗನೆ ಬೀಳುವ ಮಾತೊಂದಿದೆ: ‘ಈ ಶಾಟ್ ಟೂಸ್‌ನಲ್ಲಿ ಸಾಕು, ಆ ಓಟ ಮಾತ್ರ ಒನ್ಸ್‌ನಲ್ಲಿ ಬರಲಿ.’ ಒಂದು, ಎರಡು ಎಂಬ ಸರಳ ಅಂಕಿಗಳೇ ಇವು. ಆದರೂ ಹೊಸಬರು ಇದನ್ನು ತಲೆಕೆಳಗಾಗಿ ಅರ್ಥ ಮಾಡಿಕೊಳ್ಳುವುದೇ ಹೆಚ್ಚು. ಎರಡು ಎಂದರೆ ಎರಡು ಪಟ್ಟು ಕೆಲಸ ಇರಬೇಕು ಅನ್ನಿಸುತ್ತದೆ. ನಿಜಕ್ಕೂ ಒನ್ಸ್ ಎಂದರೆ ಇಡೀ ಕೆಲಸ, ಟೂಸ್ ಎಂದರೆ ಅದರ ಅರ್ಧ, ತ್ರೀಸ್ ಎಂದರೆ ಮೂರರಲ್ಲಿ ಒಂದು ಪಾಲು. ಅಂಕಿ ದೊಡ್ಡದಾದಷ್ಟೂ ಬಿಡಿಸಬೇಕಾದ ಚಿತ್ರ ಕಡಿಮೆಯಾಗುತ್ತದೆ.

ಈ ತಿರುವುಮುರುವಿಗೆ ಕಾರಣ ಪದದ ಹುಟ್ಟಿನಲ್ಲಿದೆ. ಚಿತ್ರ ಬಿಡಿಸುವವನ ಮೇಜಿನ ಮೇಲೆ ಹುಟ್ಟಿದ ಮಾತಲ್ಲ ಇದು. ಕ್ಯಾಮೆರಾ ಸ್ಟ್ಯಾಂಡಿನ ಬುಡದಲ್ಲಿ ಹುಟ್ಟಿದ್ದು. ಅಲ್ಲಿ ಎಣಿಸುತ್ತಿದ್ದದ್ದು ಚಿತ್ರಗಳನ್ನಲ್ಲ, ಒಂದೊಂದು ಚಿತ್ರಕ್ಕೆ ಕ್ಯಾಮೆರಾ ಎಷ್ಟು ಸಲ ಕ್ಲಿಕ್ ಆಗಬೇಕು ಎಂಬುದನ್ನು. ಹಾಳೆ ಇಟ್ಟು ಒಂದು ಸಲ ಕ್ಲಿಕ್ ಮಾಡಿ ತೆಗೆದರೆ ಒನ್ಸ್. ಅದೇ ಹಾಳೆಯನ್ನು ಕದಲಿಸದೆ ಎರಡು ಸಲ ಕ್ಲಿಕ್ ಮಾಡಿದರೆ ಟೂಸ್. ಬಿಡಿಸುವವನ ಶ್ರಮದ ಲೆಕ್ಕವನ್ನು ಕ್ಯಾಮೆರಾದವನ ಭಾಷೆಯಲ್ಲಿ ಹೇಳುತ್ತ ಬಂದದ್ದರಿಂದ ಅಂಕಿ ಒಂದು ದಿಕ್ಕಿಗೆ, ಶ್ರಮ ಇನ್ನೊಂದು ದಿಕ್ಕಿಗೆ ಹೋಗುತ್ತವೆ. ಕ್ಯಾಮೆರಾ ಸ್ಟ್ಯಾಂಡುಗಳು ಹೋಗಿ ದಶಕಗಳೇ ಕಳೆದಿದ್ದರೂ ಮಾತು ಹಾಗೇ ಉಳಿದಿದೆ.

ಮಾತಿಗಿಂತ ಪದ್ಧತಿ ಹಳೆಯದು. 1908ರಲ್ಲಿ ಪ್ಯಾರಿಸ್ಸಿನಲ್ಲಿ ಎಮಿಲ್ ಕೋಲ್ ‘ಫ್ಯಾಂಟಸ್ಮಗೋರಿ’ ಎಂಬ ಪುಟ್ಟ ಚಿತ್ರ ಮಾಡಿದ. ಕೈಯಲ್ಲಿ ಬಿಡಿಸಿದ ಅನಿಮೇಶನ್‌ನ ಚರಿತ್ರೆ ಬರೆಯುವವರು ಹೆಚ್ಚಾಗಿ ಇಲ್ಲಿಂದಲೇ ಶುರುಮಾಡುತ್ತಾರೆ. ಅದಕ್ಕೆ ಅವನು ಬಿಡಿಸಿದ್ದು ಸುಮಾರು 700 ಚಿತ್ರ. ಪ್ರತಿಯೊಂದನ್ನೂ ಎರಡು ಸಲ ಕ್ಲಿಕ್ಕಿಸಿದ್ದರಿಂದ ಪರದೆಯ ಮೇಲೆ ಸುಮಾರು 1,400 ಫ್ರೇಮ್ ಆಯಿತು. ಆ ಕಾಲದ ವೇಗದಲ್ಲಿ, ಸೆಕೆಂಡಿಗೆ 16ರಂತೆ ಓಡಿಸಿದರೆ ಒಂದೂವರೆ ನಿಮಿಷಕ್ಕೆ ತುಸು ಕಡಿಮೆ. ಅಂದರೆ ಕೋಲ್‌ನ ಕಡ್ಡಿಮನುಷ್ಯ ಸೆಕೆಂಡಿಗೆ ಎಂಟು ಭಂಗಿಗಳಲ್ಲಿ ಕುಣಿಯುತ್ತಾನೆ, ನೋಡುವವರಿಗೆ ಅದು ಕುಣಿತವಾಗಿಯೇ ಕಾಣುತ್ತದೆ. ಟೂಸ್ ಎಂಬ ಉಳಿತಾಯ ಆಮೇಲೆ ಯಾರೋ ಕಂಡುಹಿಡಿದ ಉಪಾಯವಲ್ಲ. ಈ ಕಲೆಯ ಮೊದಲ ದಿನಗಳಲ್ಲೇ, ಒಬ್ಬನೇ ಮನುಷ್ಯ ಎಲ್ಲವನ್ನೂ ಬಿಡಿಸಬೇಕಾಗಿದ್ದಾಗಲೇ, ಅದು ಇತ್ತು.

ಇಲ್ಲಿ ‘ಫ್ರೇಮ್’ ಎಂಬ ಪದದ ಬಗ್ಗೆಯೂ ಒಂದು ಮಾತು ಹೇಳಬೇಕು, ಏಕೆಂದರೆ ಟೂಸ್ ನಿಂತಿರುವುದು ಅದರ ಮೇಲೆ. ಹಳೆಯ ಇಂಗ್ಲಿಷಿನಲ್ಲಿ ಇದರ ಮೂಲರೂಪ ‘ಫ್ರಾಮಿಯನ್’. ಉಪಯೋಗಕ್ಕೆ ಬರು, ಮುನ್ನಡೆ ಎಂಬುದು ಅದರ ಅರ್ಥ. ಆಮೇಲೆ ಬಡಗಿಗಳ ಕೈಗೆ ಬಂದು ಮರವನ್ನು ಕೆತ್ತಿ ಸಜ್ಜುಮಾಡುವ ಕೆಲಸದ ಹೆಸರಾಯಿತು, ಅಲ್ಲಿಂದ ಮರದ ಕಟ್ಟಣೆ, ಅಲ್ಲಿಂದ ಪಟದ ಸುತ್ತಲಿನ ಕಟ್ಟು. ಸಿನಿಮಾ ಬಂದಾಗ ಫಿಲ್ಮ್ ಪಟ್ಟಿಯ ಮೇಲಿನ ಒಂದು ನಿಶ್ಚಲ ಚಿತ್ರಕ್ಕೇ ಆ ಹೆಸರು ಅಂಟಿಕೊಂಡಿತು. ಮುನ್ನಡೆಯನ್ನು ಹೇಳುತ್ತಿದ್ದ ಪದ ಚಲನೆಯೇ ಇಲ್ಲದ ಘಟಕದ ಹೆಸರಾದದ್ದು ಹೀಗೆ. ಕನ್ನಡದಲ್ಲಿ ಪಟಕ್ಕೂ ಬಾಗಿಲಿಗೂ ಚೌಕಟ್ಟು ಎನ್ನುತ್ತೇವೆ, ಫಿಲ್ಮಿನ ವಿಷಯಕ್ಕೆ ಬಂದಾಗ ಮಾತ್ರ ಯಾರ ಬಾಯಲ್ಲೂ ಫ್ರೇಮೇ ಬರುತ್ತದೆ.

ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬುದು ಮೂಕಿ ಚಿತ್ರಗಳ ಕಾಲದಲ್ಲಿ ಕೈಯ ಅಂದಾಜಿನ ಮಾತು. ಕ್ಯಾಮೆರಾದ ಹಿಡಿಯನ್ನು ಕೈಯಿಂದ ತಿರುಗಿಸುತ್ತಿದ್ದರು. ಚಿತ್ರಮಂದಿರದವನು ತನಗೆ ತೋಚಿದ ವೇಗದಲ್ಲಿ ಓಡಿಸುತ್ತಿದ್ದ. 1920ರ ದಶಕದ ಕೊನೆಯಲ್ಲಿ ಧ್ವನಿ ಬಂದಾಗ ಇದು ನಿಂತಿತು. ಚಿತ್ರ ತುಸು ವೇಗವಾಗಿ ಓಡಿದರೆ ಕಣ್ಣು ಸಹಿಸುತ್ತದೆ, ಹಾಡು ತುಸು ವೇಗವಾಗಿ ಓಡಿದರೆ ಕಿವಿ ಸಹಿಸುವುದಿಲ್ಲ. ಹಾಗಾಗಿ ನಿಮಿಷಕ್ಕೆ 90 ಅಡಿ ಫಿಲ್ಮ್ ಎಂದು ನಿಗದಿಯಾಯಿತು. 35 ಮಿಲಿಮೀಟರ್ ಫಿಲ್ಮಿನಲ್ಲಿ ಅಡಿಗೆ 16 ಫ್ರೇಮ್. ಗುಣಿಸಿ 60ರಿಂದ ಭಾಗಿಸಿದರೆ ಸೆಕೆಂಡಿಗೆ 24.

ಅನಿಮೇಶನ್‌ನವರಿಗೆ ಈ 24 ಕೇಳದೆಯೇ ಸಿಕ್ಕ ವರ. ಅದನ್ನು ಎರಡರಿಂದ ಭಾಗಿಸಬಹುದು, ಮೂರರಿಂದ, ನಾಲ್ಕರಿಂದ, ಆರರಿಂದ, ಎಂಟರಿಂದಲೂ. ಟೂಸ್ ಎಂದರೆ ಸೆಕೆಂಡಿಗೆ 12 ಚಿತ್ರ, ತ್ರೀಸ್ ಎಂದರೆ 8, ಫೋರ್ಸ್ ಎಂದರೆ 6, ಎಲ್ಲಿಯೂ ಶೇಷ ಉಳಿಯುವುದಿಲ್ಲ. ಸಾಮಾನ್ಯ ನಡಿಗೆಯಲ್ಲಿ ಒಂದು ಹೆಜ್ಜೆಗೆ ಅರ್ಧ ಸೆಕೆಂಡ್ ಹಿಡಿದರೆ 12 ಫ್ರೇಮ್, ಟೂಸ್‌ನಲ್ಲಿ ಆರು ಚಿತ್ರ. ಎಡ, ಬಲ ಎರಡೂ ಹೆಜ್ಜೆ ಸೇರಿ ಹನ್ನೆರಡು ಚಿತ್ರ ಬಿಡಿಸಿಟ್ಟರೆ ಪಾತ್ರವನ್ನು ಬೇಕಾದಷ್ಟು ದೂರ ನಡೆಸಬಹುದು.

ಸೆಕೆಂಡಿಗೆ ಹನ್ನೆರಡೇ ಚಿತ್ರ ಸಾಕಾಗುವುದು ಹೇಗೆ ಎಂಬ ಪ್ರಶ್ನೆ ಬರುತ್ತದೆ. ಪರದೆ ಮಿಣುಕುವುದು ಬೇರೆ, ಚಲನೆ ಬಿಟ್ಟು ಬಿಟ್ಟು ಕಾಣುವುದು ಬೇರೆ. ಉತ್ತರ ಸಿಗುವುದು ಈ ಎರಡನ್ನೂ ಬೇರ್ಪಡಿಸಿದಾಗ. ಚಿತ್ರಮಂದಿರದ ಪ್ರೊಜೆಕ್ಟರ್‌ನಲ್ಲಿ ತಿರುಗುವ ಶಟರ್ ಒಂದೇ ಫ್ರೇಮನ್ನು ಎರಡು ಅಥವಾ ಮೂರು ಸಲ ಬೆಳಗಿಸುತ್ತಿತ್ತು. ಹಾಗಾಗಿ ಬೆಳಕು ಸೆಕೆಂಡಿಗೆ 48 ಅಥವಾ 72 ಸಲ ಹೊತ್ತಿ ಆರಿ, ಕಣ್ಣಿಗೆ ಮಿಣುಕು ತಿಳಿಯುತ್ತಿರಲಿಲ್ಲ. ಮಿಣುಕಿನ ಚಿಂತೆಯನ್ನು ಯಂತ್ರವೇ ಹೊತ್ತುಕೊಂಡ ಮೇಲೆ ಬಿಡಿಸುವವನಿಗೆ ಉಳಿದದ್ದು ಚಲನೆ ಒಂದೇ. ಚಿತ್ರದಿಂದ ಚಿತ್ರಕ್ಕೆ ಜಿಗಿತ ಅತಿಯಾಗದಿದ್ದರೆ ಹನ್ನೆರಡರಲ್ಲೂ ಮಿದುಳು ಅವನ್ನು ಒಂದೇ ಓಟವಾಗಿ ಹೊಲಿದುಕೊಳ್ಳುತ್ತದೆ.

ಟೂಸ್ ಎಂಬ ಮಾತು ಬಾಯಿಂದ ಕಾಗದಕ್ಕೆ ಇಳಿದದ್ದು ಎಕ್ಸ್‌ಪೋಶರ್ ಶೀಟಿನಲ್ಲಿ. ಉದ್ದನೆಯ ಹಾಳೆ ಅದು. ಮೇಲಿನಿಂದ ಕೆಳಕ್ಕೆ ಸಾಲು ಸಾಲು, ಒಂದು ಸಾಲಿಗೆ ಒಂದು ಫ್ರೇಮ್. ಒಂದು ಕಾಲಂನಲ್ಲಿ ಸಂಭಾಷಣೆ, ಉಳಿದ ಕಾಲಂಗಳಲ್ಲಿ ಒಂದರ ಮೇಲೊಂದು ಇಡಬೇಕಾದ ಪದರಗಳು, ಕೊನೆಯಲ್ಲಿ ಕ್ಯಾಮೆರಾದವನಿಗೆ ಸೂಚನೆ. ಅಮೆರಿಕದ ಸ್ಟುಡಿಯೊಗಳ ಹಳೆಯ ಪದ್ಧತಿಯಲ್ಲಿ ಟೂಸ್‌ನ ಚಿತ್ರಗಳಿಗೆ 1, 2, 3 ಎಂದು ಸಂಖ್ಯೆ ಕೊಡುವುದಿಲ್ಲ. 1, 3, 5, 7 ಎಂದು ಬೆಸ ಸಂಖ್ಯೆಗಳನ್ನಷ್ಟೇ ಬರೆಯುತ್ತಾರೆ. ಚಿತ್ರದ ಸಂಖ್ಯೆ ಎಂದರೆ ಅದು ಯಾವ ಫ್ರೇಮಿನಲ್ಲಿ ಮೊದಲು ಕಾಣುತ್ತದೋ ಆ ಫ್ರೇಮಿನ ಸಂಖ್ಯೆ. ಹಾಳೆಯ ಮೂಲೆಯಲ್ಲಿ 37 ಎಂದಿದ್ದರೆ ಅದು ಮೂವತ್ತೇಳನೆಯ ಫ್ರೇಮಿನಲ್ಲಿ ಬರುತ್ತದೆ, ಮೂವತ್ತೆಂಟರಲ್ಲೂ ನಿಲ್ಲುತ್ತದೆ. ಈ ಪದ್ಧತಿಯಲ್ಲಿ ನನಗೆ ತುಂಬ ಹಿಡಿಸುವುದು ಸಮ ಸಂಖ್ಯೆಗಳನ್ನು ಖಾಲಿ ಬಿಟ್ಟಿರುವುದು. ಆಮೇಲೆ ಎಲ್ಲಾದರೂ ಒನ್ಸ್ ಬೇಕಾದರೆ ನಡುವೆ 38, 40 ಎಂದು ಹೊಸ ಚಿತ್ರ ಸೇರಿಸಬಹುದು, ಹಳೆಯ ಒಂದು ಸಂಖ್ಯೆಯನ್ನೂ ಅಳಿಸಬೇಕಾಗಿಲ್ಲ. ಎಲ್ಲಿ ಒನ್ಸ್, ಎಲ್ಲಿ ಟೂಸ್ ಎಂಬುದು ಮೊದಲೇ ತೀರ್ಮಾನವಾಗಿಬಿಡುವುದಿಲ್ಲ, ಓಡಿಸಿ ನೋಡಿದ ಮೇಲೆ ಬದಲಾಗುತ್ತದೆ ಎಂಬ ಅನುಭವದ ಮೇಲೆಯೇ ಆ ಹಾಳೆ ನಿಂತಿದೆ.

ಭಾರತಕ್ಕೆ ಈ ಪದ್ಧತಿ ವ್ಯವಸ್ಥಿತವಾಗಿ ಬಂದದ್ದು 1956ರಲ್ಲಿ. ಡಿಸ್ನಿ ಸ್ಟುಡಿಯೊದಲ್ಲಿ ದುಡಿದಿದ್ದ, ಭಾರತದಲ್ಲೇ ಹುಟ್ಟಿದ್ದ ಕ್ಲೇರ್ ವೀಕ್ಸ್ ಮುಂಬಯಿಯ ಫಿಲ್ಮ್ಸ್ ಡಿವಿಷನ್ನಿನ ಕಾರ್ಟೂನ್ ವಿಭಾಗಕ್ಕೆ ತರಬೇತಿ ಕೊಡಲು ಬಂದರು. ಮರುವರ್ಷ ಅಲ್ಲಿಂದ ‘ದಿ ಬ್ಯಾನಿಯನ್ ಡೀರ್’ ಹೊರಬಂತು. ಅಲ್ಲಿ ಕಲಿತವರಲ್ಲಿ ರಾಮ್ ಮೋಹನ್ ಒಬ್ಬರು.

ಇನ್ನು ಟೂಸ್ ಎಲ್ಲಿ ಸೋಲುತ್ತದೆ ಎಂಬುದಕ್ಕೆ ಬರೋಣ. ಉಳಿತಾಯ ಮಾಡಬೇಕೆಂದು ಹೊರಟವರು ಮೊದಲು ತಿಳಿಯಬೇಕಾದದ್ದು ಇದೇ. ಎರಡು ಸೆಂಟಿಮೀಟರ್ ಅಗಲದ ಚೆಂಡು 24 ಸೆಂಟಿಮೀಟರ್ ದೂರವನ್ನು ಅರ್ಧ ಸೆಕೆಂಡಿನಲ್ಲಿ ದಾಟಬೇಕು ಎನ್ನಿ. ಒನ್ಸ್‌ನಲ್ಲಿ ಒಂದು ಚಿತ್ರದಿಂದ ಇನ್ನೊಂದಕ್ಕೆ ಅದು ಎರಡು ಸೆಂಟಿಮೀಟರ್ ಸರಿಯುತ್ತದೆ, ಹಿಂದಿನ ಚೆಂಡಿನ ಅಂಚಿಗೆ ಮುಂದಿನ ಚೆಂಡಿನ ಅಂಚು ತಾಗುತ್ತದೆ. ಟೂಸ್‌ನಲ್ಲಿ ನಾಲ್ಕು ಸೆಂಟಿಮೀಟರ್ ಸರಿಯಬೇಕು, ನಡುವೆ ಒಂದು ಚೆಂಡಿನಷ್ಟು ಬಯಲು ಬೀಳುತ್ತದೆ. ಆಗ ಕಣ್ಣಿಗೆ ಓಡುವ ಒಂದು ಚೆಂಡು ಕಾಣುವುದಿಲ್ಲ, ಅಲ್ಲಲ್ಲಿ ಮೂಡಿ ಮಾಯವಾಗುವ ಚೆಂಡುಗಳ ಸಾಲು ಕಾಣುತ್ತದೆ. ಈ ಕುಲುಕಾಟವನ್ನು ಸ್ಟ್ರೋಬಿಂಗ್ ಎನ್ನುತ್ತಾರೆ. ಇದನ್ನು ಪತ್ತೆ ಮಾಡಲು ಓಡಿಸಿಯೇ ನೋಡಬೇಕೆಂದಿಲ್ಲ. ಲೈಟ್ ಬಾಕ್ಸಿನ ಮೇಲೆ ಅಕ್ಕಪಕ್ಕದ ಎರಡು ಚಿತ್ರ ಇಟ್ಟು ಬೆಳಕು ಹಾಯಿಸಿ. ಆಕೃತಿಗಳು ಒಂದರ ಮೇಲೊಂದು ಎಲ್ಲಿಯೂ ಹಾಯದಿದ್ದರೆ ಅಲ್ಲಿ ಟೂಸ್ ನಡೆಯುವುದಿಲ್ಲ. ನಡುವೆ ಇನ್ನೊಂದು ಚಿತ್ರ ಬಿಡಿಸಬೇಕು, ಇಲ್ಲವೇ ಚೆಂಡನ್ನೇ ಓಟದ ದಿಕ್ಕಿಗೆ ಉದ್ದಕ್ಕೆ ಎಳೆದು ಬಿಡಿಸಿ ಬಯಲನ್ನು ಮುಚ್ಚಬೇಕು. ಕಡಿಮೆ ಚಿತ್ರದಲ್ಲಿ ವೇಗ ತೋರಿಸುವವರು ಈ ಎರಡನೆಯ ದಾರಿಯನ್ನೇ ಹೆಚ್ಚು ಹಿಡಿಯುತ್ತಾರೆ.

ಎರಡನೆಯ ಸೋಲು ಇನ್ನೂ ನವಿರಾದದ್ದು, ಅದಕ್ಕೇ ಅದು ಹೆಚ್ಚು ಜನರನ್ನು ಕಾಡುತ್ತದೆ. ಪಾತ್ರ ನಡೆಯುತ್ತಿದೆ, ಹಿನ್ನೆಲೆ ಹಿಂದಕ್ಕೆ ಸರಿಯುತ್ತಿದೆ. ಹಿನ್ನೆಲೆಯನ್ನು ಸರಿಸಲು ಹೊಸ ಚಿತ್ರ ಬೇಡವಾದ್ದರಿಂದ ಅದನ್ನು ಪ್ರತಿ ಫ್ರೇಮಿಗೂ ಸರಿಸಿಬಿಡುತ್ತಾರೆ, ಅಂದರೆ ಒನ್ಸ್‌ನಲ್ಲಿ. ಪಾತ್ರ ಮಾತ್ರ ಟೂಸ್‌ನಲ್ಲಿರುತ್ತದೆ. ನೆಲಕ್ಕೆ ಊರಿದ ಪಾದ ನೆಲದ ಜೊತೆಗೇ ಹಿಂದಕ್ಕೆ ಹೋಗಬೇಕಷ್ಟೆ. ಇಲ್ಲಿ ಮೊದಲ ಫ್ರೇಮಿನಲ್ಲಿ ಸರಿಯಾಗಿ ಕೂತ ಪಾದ ಎರಡನೆಯ ಫ್ರೇಮಿನಲ್ಲಿ ನಿಂತಲ್ಲೇ ನಿಲ್ಲುತ್ತದೆ, ನೆಲ ಮಾತ್ರ ಜಾರಿಹೋಗುತ್ತದೆ. ಮೂರನೆಯದರಲ್ಲಿ ಪಾದ ಥಟ್ಟನೆ ನೆಲವನ್ನು ಹಿಡಿಯುತ್ತದೆ. ಸೆಕೆಂಡಿಗೆ ಹನ್ನೆರಡು ಸಲ ಹೀಗಾದಾಗ ಪಾತ್ರ ಪಾಚಿಯ ಮೇಲೆ ನಡೆದಂತೆ ನಡುಗುತ್ತದೆ. ಕಾಲ್ಬೆರಳ ತುದಿಯ ಹತ್ತಿರ ಹಿನ್ನೆಲೆಯಲ್ಲಿ ಒಂದು ಕಲ್ಲೋ ಗೆರೆಯೋ ಗುರುತಿಟ್ಟುಕೊಂಡು ಫ್ರೇಮ್ ಫ್ರೇಮ್ ಆಗಿ ಮುಂದೆ ಹೋದರೆ ಇದು ಸ್ಪಷ್ಟವಾಗಿ ತಿಳಿಯುತ್ತದೆ. ಪರಿಹಾರ ಎರಡು: ನಡಿಗೆಯನ್ನು ಒನ್ಸ್‌ಗೆ ತರುವುದು, ಇಲ್ಲವೇ ಹಿನ್ನೆಲೆಯನ್ನೂ ಟೂಸ್‌ನಲ್ಲಿ ಸರಿಸುವುದು. ಎರಡನೆಯದು ಪುಕ್ಕಟೆ, ಆದರೆ ವೇಗದ ಪ್ಯಾನಿನಲ್ಲಿ ಕಂಬ, ಬೇಲಿಗಳಂಥ ಲಂಬ ಗೆರೆಗಳು ಕುಲುಕಾಡತೊಡಗುತ್ತವೆ. ನಿಧಾನದ ಪ್ಯಾನಿಗೆ ಮಾತ್ರ ಅದು ಸರಿ.

1988ರ ‘ಹೂ ಫ್ರೇಮ್ಡ್ ರೋಜರ್ ರ‍್ಯಾಬಿಟ್’ ಚಿತ್ರದಲ್ಲಿ ಅನಿಮೇಶನ್ ನಿರ್ದೇಶಕ ರಿಚರ್ಡ್ ವಿಲಿಯಮ್ಸ್ ಒನ್ಸ್‌ಗೆ ಪಟ್ಟು ಹಿಡಿದದ್ದರ ಹಿಂದೆ ಇದೇ ಕಾರಣವಿದೆ. ಅಲ್ಲಿ ಮೊಲ ಬಿಡಿಸಿದ್ದು, ಅದರ ಸುತ್ತಲಿನ ಲೋಕ ಕ್ಯಾಮೆರಾದಲ್ಲಿ ಹಿಡಿದದ್ದು. ಕ್ಯಾಮೆರಾ ಅಲುಗುತ್ತಿರುವಾಗ ಸೆಕೆಂಡಿಗೆ 24 ಸಲ ಹಿನ್ನೆಲೆ ಬದಲಾಗುತ್ತದೆ. ಮೊಲ 12 ಸಲ ಬದಲಾದರೆ ಪ್ರತಿ ಎರಡನೆಯ ಫ್ರೇಮಿನಲ್ಲೂ ಅದು ಆ ಲೋಕದಿಂದ ಕಳಚಿಕೊಳ್ಳುತ್ತದೆ. ಒಬ್ಬರೇ ಕೂತು ಕಿರುಚಿತ್ರ ಮಾಡುವವರು ಇದನ್ನು ಸರಳವಾಗಿ ಇಟ್ಟುಕೊಳ್ಳಬಹುದು: ಕ್ಯಾಮೆರಾ ಕದಲದಿದ್ದಷ್ಟೂ ಟೂಸ್ ಸಲೀಸು. ಉಳಿತಾಯ ಬೇಕಿದ್ದರೆ ಅದು ಕಥಾಫಲಕ ಬರೆಯುವಾಗಲೇ ಶುರುವಾಗಬೇಕು.

ಒನ್ಸ್ ಯಾವಾಗಲೂ ಮೇಲು, ಟೂಸ್ ಬಡವರ ಪಾಲು ಎಂಬ ಭಾವನೆಯನ್ನು ನಾನು ಒಪ್ಪುವುದಿಲ್ಲ. ನಿಧಾನವಾಗಿ ತಿರುಗುವ ಒಂದು ಮುಖವನ್ನು ಒನ್ಸ್‌ನಲ್ಲಿ ಬಿಡಿಸಿ ನೋಡಿ. ಚಿತ್ರದಿಂದ ಚಿತ್ರಕ್ಕೆ ಗೆರೆ ಸರಿಯಬೇಕಾದದ್ದು ಪೆನ್ಸಿಲಿನ ಮೊನೆಯಷ್ಟು ದೂರ. ಕೈಯ ಸಹಜ ನಡುಕವೂ ಹೆಚ್ಚು ಕಡಿಮೆ ಅಷ್ಟೇ. ಚಲನೆ ಎಷ್ಟು, ನಡುಕ ಎಷ್ಟು ಎಂದು ಕಣ್ಣಿಗೆ ತಿಳಿಯದೆ ಇಡೀ ಮುಖ ಕುದಿಯುವಂತೆ ಕಾಣುತ್ತದೆ. ಟೂಸ್‌ನಲ್ಲಿ ಒಂದೊಂದು ಚಿತ್ರಕ್ಕೂ ಎರಡು ಫ್ರೇಮಿನ ನಿಲುಗಡೆ ಸಿಗುತ್ತದೆ, ಗೆರೆ ಶಾಂತವಾಗುತ್ತದೆ. ಚಿತ್ರಗಳ ನಡುವಿನ ಅಂತರ ಹೆಚ್ಚಿದ್ದರಿಂದ ಚಲನೆಗೂ ಒಂದು ಗಡಸು ಬರುತ್ತದೆ. ಎರಡು ಪಟ್ಟು ದುಡಿದು ಕೆಟ್ಟ ಫಲ ಪಡೆಯಬಹುದಾದ ಜಾಗ ಇದು. ನಿಧಾನದ ಚಲನೆಗೆ, ಮಾತಿಗೆ, ಸಣ್ಣ ಹಾವಭಾವಕ್ಕೆ ನಾನಾದರೆ ಟೂಸನ್ನೇ ಆರಿಸುತ್ತೇನೆ, ಕೈಯಲ್ಲಿ ಎಷ್ಟೇ ಸಮಯ ಇದ್ದರೂ.

ಪದದ ಓಟದಲ್ಲಿ ಮುಂದಿನ ತಿರುವು ಜಪಾನಿನದು. 1963ರ ಜನವರಿ 1ರಂದು ಒಸಾಮು ತೆಜುಕಾ ಅವರ ‘ಆಸ್ಟ್ರೋ ಬಾಯ್’ ದೂರದರ್ಶನದಲ್ಲಿ ಶುರುವಾಯಿತು, ವಾರಕ್ಕೆ ಒಂದು ಕಂತು. ಆ ವೇಗಕ್ಕೆ ಟೂಸ್ ಕೂಡ ದುಬಾರಿಯಾಗಿ, ತ್ರೀಸ್ ಅಲ್ಲಿನ ನಿತ್ಯದ ಪದ್ಧತಿಯಾಯಿತು. ಜಪಾನಿ ಭಾಷೆಯಲ್ಲಿ ಇದನ್ನು ‘ಕೊಮಾ’ಗಳಲ್ಲಿ ಎಣಿಸುತ್ತಾರೆ: ಎರಡು ಕೊಮಾ, ಮೂರು ಕೊಮಾ. ಕೊಮಾ ಎಂದರೆ ಫಿಲ್ಮಿನ ಫ್ರೇಮ್. ಮಾಂಗಾ ಪುಸ್ತಕದ ಪುಟದಲ್ಲಿನ ಒಂದು ಖಾನೆಗೂ ಅದೇ ಹೆಸರು. ಓದುವ ಚಿತ್ರಕತೆಗೂ ಓಡುವ ಚಿತ್ರಕ್ಕೂ ಘಟಕದ ಹೆಸರು ಒಂದೇ. ಅಲ್ಲಿನ ಟೈಮ್ ಶೀಟಿನಲ್ಲಿ ಒಂದು ಹಾಳೆಗೆ ಸಾಮಾನ್ಯವಾಗಿ ಆರು ಸೆಕೆಂಡ್, 144 ಫ್ರೇಮ್. ಚಿತ್ರಗಳಿಗೆ 1, 2, 3 ಎಂದು ಸಾಲಾಗಿ ಸಂಖ್ಯೆ ಕೊಟ್ಟು, ಯಾವುದು ಎಷ್ಟು ಕೊಮಾ ನಿಲ್ಲಬೇಕು ಎಂಬುದನ್ನು ಶೀಟಿನಲ್ಲಷ್ಟೇ ಹೇಳುತ್ತಾರೆ. ಹಾಗಾಗಿ ಎರಡು, ಮೂರು, ಒಂದು ಎಂದು ಬೆರೆಸುವುದು ಅವರಿಗೆ ಸುಲಭವಾಯಿತು. ಒಂದೇ ಶಾಟಿನೊಳಗೆ ನಿಂತು, ಥಟ್ಟನೆ ಚಿಮ್ಮಿ, ಮತ್ತೆ ನಿಲ್ಲುವ ಅಲ್ಲಿನ ಲಯ ಈ ಬೆರಕೆಯಿಂದಲೇ ಬಂದದ್ದು.

ಕಂಪ್ಯೂಟರ್ ಬಂದ ಮೇಲೆ ಟೂಸ್ ಎಂಬ ಪದಕ್ಕೆ ಕೆಲಸವೇ ಇರಬಾರದಿತ್ತು. ಮೂರು ಆಯಾಮದ ಅನಿಮೇಶನ್‌ನಲ್ಲಿ ನಡುವಿನ ಭಂಗಿಗಳನ್ನು ಯಂತ್ರವೇ ತುಂಬುತ್ತದೆ, ಒನ್ಸ್‌ಗೆ ಬೇರೆ ಶ್ರಮವಿಲ್ಲ. ಹೀಗಿದ್ದೂ 2018ರ ‘ಸ್ಪೈಡರ್-ಮ್ಯಾನ್: ಇಂಟು ದ ಸ್ಪೈಡರ್-ವರ್ಸ್’ ಚಿತ್ರದಲ್ಲಿ ಟೂಸ್ ಬೇಕೆಂದೇ ಮರಳಿ ಬಂತು. ಕಾಡಿನಲ್ಲಿ ಜೋತಾಡುತ್ತ ಓಡುವ ದೃಶ್ಯದಲ್ಲಿ ಪಳಗಿದ ಪೀಟರ್ ಒನ್ಸ್‌ನಲ್ಲಿ ಹರಿಯುತ್ತಾನೆ, ಇನ್ನೂ ಕಲಿಯುತ್ತಿರುವ ಮೈಲ್ಸ್ ಟೂಸ್‌ನಲ್ಲಿ ತಡವರಿಸುತ್ತಾನೆ. ದುಡಿಮೆ ಉಳಿಸಲು ಹುಟ್ಟಿದ ಪದ ಇಲ್ಲಿ ಪಾತ್ರದ ಸ್ವಭಾವವನ್ನು ಹೇಳತೊಡಗಿತು. ಕೈಯಲ್ಲಿ ಬಿಡಿಸುವವರ ತಂತ್ರಾಂಶಗಳಲ್ಲೂ ಪದ ಹಾಗೇ ಇದೆ. ಉಚಿತವಾಗಿ ಸಿಗುವ OpenToonz ತೆರೆದರೆ ಹಳೆಯ ಶೀಟು Xsheet ಎಂಬ ಹೆಸರಿನಲ್ಲಿ ಮೇಲಿನಿಂದ ಕೆಳಕ್ಕೆ ಹರಡಿಕೊಂಡಿರುತ್ತದೆ. ಖಾನೆಗಳನ್ನು ಆರಿಸಿ Reframe ಎಂಬಲ್ಲಿಗೆ ಹೋದರೆ 1's, 2's, 3's, 4's ಎಂಬ ಆಯ್ಕೆಗಳು. ಕ್ಯಾಮೆರಾದವನ ಕ್ಲಿಕ್ಕೇ ಈಗ ಮೆನುವಿನಲ್ಲಿ ಕೂತಿದೆ.

ತಂತ್ರಾಂಶ ಮೊದಲು ಕೇಳುವ ಪ್ರಶ್ನೆ ಫ್ರೇಮ್ ರೇಟ್ ಎಷ್ಟು ಎಂಬುದು. ಇಲ್ಲಿ ಹಲವರು 12 ಎಂದು ತುಂಬಿಬಿಡುತ್ತಾರೆ. ಹೇಗೂ ಟೂಸ್ ತಾನೇ, 24ರಲ್ಲಿ ಟೂಸ್ ಮಾಡಿದರೂ 12ರಲ್ಲಿ ಒನ್ಸ್ ಮಾಡಿದರೂ ಚಿತ್ರಗಳ ಸಂಖ್ಯೆ ಒಂದೇ ಎಂಬ ವಾದ. ಸಂಖ್ಯೆ ಒಂದೇ, ನಿಜ. ಆದರೆ 12 ಎಂದು ಹಾಕಿದ ಕೂಡಲೇ ಒನ್ಸ್‌ನ ಬಾಗಿಲು ಮುಚ್ಚುತ್ತದೆ. ಚಿಮ್ಮುವ ಜಾಗದಲ್ಲಿ ನಡುವೆ ಒಂದು ಚಿತ್ರ ಸೇರಿಸೋಣವೆಂದರೆ ಅದಕ್ಕೆ ಖಾನೆಯೇ ಇರುವುದಿಲ್ಲ. ತ್ರೀಸ್ ಕೂಡ ಸಿಗುವುದಿಲ್ಲ, 12ರ ಅಳತೆಯಲ್ಲಿ ಒಂದೂವರೆ ಫ್ರೇಮ್ ಎಂಬುದಿಲ್ಲವಲ್ಲ. ಪ್ಯಾನ್‌ಗಳೂ ಟೂಸ್‌ಗೆ ಇಳಿಯುತ್ತವೆ. ತುಟಿಯ ಚಲನೆಯನ್ನು ಮಾತಿಗೆ ಕೂಡಿಸುವಾಗ ಸೆಕೆಂಡಿನ ಹನ್ನೆರಡನೆಯ ಒಂದು ಭಾಗಕ್ಕಿಂತ ಸೂಕ್ಷ್ಮವಾಗಿ ಸರಿಸಲಾಗುವುದಿಲ್ಲ.

ಸಂಗೀತ ಕಲಿತವರಿಗೆ ಇದು ಬೇಗ ಹೊಳೆಯುತ್ತದೆ. ಸರಳೆ ವರಸೆಯನ್ನು ಒಂದನೇ ಕಾಲ, ಎರಡನೇ ಕಾಲ, ಮೂರನೇ ಕಾಲದಲ್ಲಿ ಹಾಡುವಾಗ ತಾಳ ಹಾಕುವ ಕೈಯ ವೇಗ ಬದಲಾಗುವುದಿಲ್ಲ, ಒಂದು ಅಕ್ಷರಕ್ಕೆ ಎಷ್ಟು ಸ್ವರ ಎಂಬುದಷ್ಟೇ ಬದಲಾಗುತ್ತದೆ. ಫ್ರೇಮ್ ರೇಟ್ ಎಂಬುದು ಆ ಕೈ. ಅದನ್ನು ಒಮ್ಮೆ ನಿಲ್ಲಿಸಿಕೊಂಡ ಮೇಲೆ ಒನ್ಸ್, ಟೂಸ್, ತ್ರೀಸ್ ಎಂಬ ಆಯ್ಕೆಯನ್ನು ಇಡೀ ಚಿತ್ರಕ್ಕಲ್ಲ, ಶಾಟಿನ ಒಂದೊಂದು ತುಣುಕಿಗೂ ಬೇರೆ ಬೇರೆಯಾಗಿ ಮಾಡಬಹುದು.

ಹಾಗಾದರೆ 24ರ ಬದಲು 25 ಅಥವಾ 30 ಯಾಕಾಗಬಾರದು? 25 ಎಂಬುದು ನಮ್ಮ ಟೀವಿಯ ಪರಂಪರೆಯ ವೇಗ. ಅದನ್ನು ಐದರಿಂದ ಬಿಟ್ಟರೆ ಬೇರಾವುದರಿಂದಲೂ ಸಮವಾಗಿ ಭಾಗಿಸಲಾಗದು. ಅರ್ಧ ಸೆಕೆಂಡಿನ ಹೆಜ್ಜೆ ಹನ್ನೆರಡೂವರೆ ಫ್ರೇಮ್ ಆಗಿ ಕೂರುತ್ತದೆ. ಟೀವಿಗೆಂದೇ ಮಾಡುವಾಗ 24ರಲ್ಲಿ ಮುಗಿಸಿ 25ರಲ್ಲಿ ಓಡಿಸುವುದೂ ಉಂಟು. ಎರಡು ನಿಮಿಷದ ಚಿತ್ರ ಆಗ ಐದು ಸೆಕೆಂಡಿನಷ್ಟು ಬೇಗ ಮುಗಿಯುತ್ತದೆ, ಧ್ವನಿ ತುಸು ಏರುತ್ತದೆ. 30 ಆರಿಸಿದರೆ ಟೂಸ್ ಎಂದರೆ ಸೆಕೆಂಡಿಗೆ 15 ಚಿತ್ರ. ಎರಡು ನಿಮಿಷಕ್ಕೆ 1,440 ಇದ್ದದ್ದು 1,800 ಆಗುತ್ತದೆ. ಕಾಲು ಪಾಲು ಹೆಚ್ಚು ದುಡಿದರೂ ನೋಡುವವರಿಗೆ ತಿಳಿಯುವ ವ್ಯತ್ಯಾಸ ತೀರ ಕಡಿಮೆ.

24ರಲ್ಲಿ ಮಾಡಿದ್ದನ್ನು ಮೊಬೈಲಿನ ಎಡಿಟಿಂಗ್ ಆ್ಯಪಿನಲ್ಲಿ 30ರ ಟೈಮ್‌ಲೈನಿಗೆ ಹಾಕಿ ಕೆಡಿಸಿಕೊಳ್ಳುವುದು ಈಗ ಬಹಳ ಸಾಮಾನ್ಯ. ಆಗ ಪ್ರತಿ ನಾಲ್ಕು ಫ್ರೇಮಿಗೆ ಒಂದು ಹೆಚ್ಚುವರಿ ಫ್ರೇಮ್ ಸೇರಿ ಐದಾಗಬೇಕಾಗುತ್ತದೆ. ಎರಡು, ಎರಡು ಎಂದು ನಿಂತಿದ್ದ ಚಿತ್ರಗಳು ಎರಡು, ಮೂರು, ಎರಡು, ಮೂರು ಎಂದು ಕುಂಟುತ್ತವೆ. ಕೀಬೋರ್ಡಿನ ಬಾಣದ ಗುಂಡಿಯಿಂದ ಒಂದೊಂದೇ ಫ್ರೇಮ್ ಸರಿಸಿ ಎಣಿಸಿದರೆ ಕುಂಟು ಸಿಗುತ್ತದೆ. ಸೆಕೆಂಡಿಗೆ 60 ಸಲ ಬೆಳಗುವ ಪರದೆಯ ಮೇಲೆ ಶುದ್ಧ 24ರ ಕಡತ ಓಡಿದರೆ ಮಾತ್ರ ಕತೆ ಬೇರೆ. ಅಲ್ಲಿ ಒಂದು ಫ್ರೇಮ್ ಮೂರು ಸಲ, ಮುಂದಿನದು ಎರಡು ಸಲ ಬೆಳಗುತ್ತದೆ. ಒನ್ಸ್‌ನ ಚಲನೆಯಲ್ಲಿ ಈ ಏರುಪೇರು ಉಳಿಯುತ್ತದೆ. ಟೂಸ್‌ನಲ್ಲಿ ಪ್ರತಿ ಚಿತ್ರಕ್ಕೂ ಮೂರು ಎರಡು ಸೇರಿ ಐದೇ ಸಿಗುತ್ತದೆ, ಎಲ್ಲ ಚಿತ್ರವೂ ಸರಿಸಮ. ನಮ್ಮ ಮೇಜಿನ ಮೇಲಿನ ಪರದೆಗಳಲ್ಲಿ ಟೂಸ್ ಒನ್ಸ್‌ಗಿಂತ ನೆಟ್ಟಗೆ ಕೂರುವ ಸಂದರ್ಭ ಇದು.

ಈಗ ಒಂದು ಶಾಟ್ ತೆಗೆದುಕೊಳ್ಳೋಣ. ಹುಡುಗನೊಬ್ಬ ಕಾಲುವೆಯ ಅಂಚಿನಲ್ಲಿ ನಿಂತು ನೋಡುತ್ತಾನೆ, ಕುಗ್ಗುತ್ತಾನೆ, ಹಾರಿ ಆಚೆ ದಡಕ್ಕೆ ಬೀಳುತ್ತಾನೆ, ಸಾವರಿಸಿಕೊಂಡು ನಿಲ್ಲುತ್ತಾನೆ. ಐದು ಸೆಕೆಂಡ್, 120 ಫ್ರೇಮ್. ಗೆರೆ ತಿದ್ದಿ ಬಣ್ಣ ತುಂಬುವುದೂ ಸೇರಿ ಒಂದು ಚಿತ್ರಕ್ಕೆ 40 ನಿಮಿಷ ಎಂದಿಟ್ಟುಕೊಳ್ಳಿ. ಇಡೀ ಶಾಟ್ ಒನ್ಸ್ ಆದರೆ 80 ಗಂಟೆ, ಇಡೀ ಶಾಟ್ ಟೂಸ್ ಆದರೆ 60 ಚಿತ್ರ, 40 ಗಂಟೆ.

ತುಣುಕು ತುಣುಕಾಗಿ ನೋಡಿದರೆ ಲೆಕ್ಕ ಬೇರೆಯೇ ಆಗುತ್ತದೆ. ಮೊದಲ 36 ಫ್ರೇಮ್ ಅವನು ನಿಂತು ನೋಡುವುದು. ಮೈಗೆ ಒಂದೇ ಚಿತ್ರ. ನಡುವೆ ಒಮ್ಮೆ ರೆಪ್ಪೆ ಮಿಟುಕಿಸಲು ಬೇರೆ ಪದರದಲ್ಲಿ ಮೂರು ಸಣ್ಣ ಚಿತ್ರ. 37ರಿಂದ 52ರವರೆಗೆ ಕುಗ್ಗುವುದು, ನಿಧಾನದ ಚಲನೆ, ಟೂಸ್‌ನಲ್ಲಿ ಎಂಟು. 53ರಿಂದ 60ರವರೆಗೆ ಹಾರುವುದು. ಇಲ್ಲಿ ಅಕ್ಕಪಕ್ಕದ ಭಂಗಿಗಳು ಲೈಟ್ ಬಾಕ್ಸಿನ ಮೇಲೆ ಒಂದಕ್ಕೊಂದು ತಾಗುವುದೇ ಇಲ್ಲ, ಹಾಗಾಗಿ ಒನ್ಸ್, ಎಂಟು ಚಿತ್ರ. 61ರಿಂದ 72ರವರೆಗೆ ನೆಲಕ್ಕೆ ಬಿದ್ದು ಮಂಡಿ ಮಡಿಸುವುದು, ಟೂಸ್‌ನಲ್ಲಿ ಆರು. 73ರಿಂದ 96ರವರೆಗೆ ಎದ್ದು ನಿಂತು ಅಂಗಿಯೂ ಕೂದಲೂ ತಣಿಯುವುದು. ಇದಕ್ಕೆ ತ್ರೀಸ್ ಸಾಕು, ಎಂಟು. ಕೊನೆಯ ಒಂದು ಸೆಕೆಂಡ್ ಅದೇ ಕಡೆಯ ಚಿತ್ರ ನಿಲ್ಲುತ್ತದೆ. ಒಟ್ಟು 34 ಚಿತ್ರ, 22 ಗಂಟೆ 40 ನಿಮಿಷ. ಪೂರ್ತಿ ಟೂಸ್‌ಗಿಂತ ಕಡಿಮೆ ದುಡಿಮೆ, ಹಾರುವ ಜಾಗದಲ್ಲಿ ಪೂರ್ತಿ ಒನ್ಸ್‌ನ ಓಘ.

ಬಣ್ಣಕ್ಕೆ ಕೈ ಹಾಕುವ ಮುಂಚೆ, ಬರಿಯ ಪೆನ್ಸಿಲ್ ಗೆರೆಗಳಲ್ಲೇ ಇದನ್ನು ಓಡಿಸಿ ನೋಡಬೇಕು. ಓಡಿಸಿದಾಗ ಒಂದು ಕಡೆ ತೊಡಕು ಕಾಣುತ್ತದೆ. ಹಾರುವಾಗ ಕ್ಯಾಮೆರಾ ಹುಡುಗನನ್ನು ಹಿಂಬಾಲಿಸುತ್ತದೆ; ಪ್ಯಾನ್ 53ರಲ್ಲಿ ಶುರುವಾಗಿ ಮೆಲ್ಲಗೆ ನಿಲ್ಲುವ ಹೊತ್ತಿಗೆ 64 ಆಗಿರುತ್ತದೆ. ಆದರೆ 61ರಲ್ಲೇ ಪಾದ ನೆಲ ಮುಟ್ಟಿದೆ, ಮುಟ್ಟಿದ ಮೇಲೆ ಚಿತ್ರ ಟೂಸ್‌ಗೆ ಇಳಿದಿದೆ. ಆ ನಾಲ್ಕು ಫ್ರೇಮುಗಳಲ್ಲಿ ಹುಡುಗ ದಡದ ಮೇಲೆ ಜಾರುತ್ತಾನೆ. ಪ್ಯಾನನ್ನು 60ಕ್ಕೇ ನಿಲ್ಲಿಸಿದರೆ ಹೊಸ ಚಿತ್ರ ಬೇಡ, ಆದರೆ ಹುಡುಗ ಇನ್ನೂ ಗಾಳಿಯಲ್ಲಿರುವಾಗಲೇ ಕ್ಯಾಮೆರಾ ಗಕ್ಕನೆ ನಿಂತು ಹಾರಿಕೆಯ ಬಲವೆಲ್ಲ ಸೋರಿಹೋಗುತ್ತದೆ. ಇಲ್ಲಿ ನಾನು ಉಳಿತಾಯದ ಕಡೆ ವಾಲುವುದಿಲ್ಲ. 61 ಮತ್ತು 63ರ ನಡುವೆ 62, 63 ಮತ್ತು 65ರ ನಡುವೆ 64 ಎಂದು ಎರಡು ಚಿತ್ರ ಸೇರಿಸಿ ಆ ನಾಲ್ಕು ಫ್ರೇಮುಗಳನ್ನು ಒನ್ಸ್ ಮಾಡುವುದೇ ಸರಿ. ಬೇರೆ ಯಾವ ಹಾಳೆಯ ಸಂಖ್ಯೆಯನ್ನೂ ಮುಟ್ಟಬೇಕಾಗಿಲ್ಲ. 34 ಇದ್ದದ್ದು 36 ಆಗುತ್ತದೆ, ಗಂಟೆಗಳು 24.